ಮೂರು ಗಂಟೆ, ಇನ್ನೂರೈವತ್ತು ಅಂಕ: ಇತಿಹಾಸ ಪತ್ರಿಕೆ ಬರೆಯುವವರಿಗೊಂದು ಪತ್ರ

ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಗೆ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಂಡು ಕನ್ನಡದಲ್ಲೇ ಉತ್ತರ ಬರೆಯಲು ಹೊರಟಿರುವ ಗೆಳೆಯ ಗೆಳತಿಯರೇ,

ಅಭ್ಯಾಸಕ್ಕೆಂದು ನೀವು ಬರೆದ ಉತ್ತರ ಪುಸ್ತಿಕೆಗಳನ್ನು ತಿದ್ದುವ ಕೆಲಸ ನನ್ನದು. ಏನು ಓದಬೇಕು, ಯಾವ ಪುಸ್ತಕ ಒಳ್ಳೆಯದು ಎಂಬುದು ಈ ಪತ್ರದ ವಿಷಯವಲ್ಲ. ಅದನ್ನೆಲ್ಲ ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಹೇಳಬೇಕೆಂದಿರುವುದು ಗಡಿಯಾರದ ವಿಷಯ. ಎಷ್ಟೋ ಪುಸ್ತಿಕೆಗಳಲ್ಲಿ ಮೊದಲ ಎರಡು ಗಂಟೆ ಬರೆದವರು ಒಬ್ಬರು, ಕೊನೆಯ ಒಂದು ಗಂಟೆ ಬರೆದವರು ಇನ್ನೊಬ್ಬರು ಎನ್ನಿಸುತ್ತದೆ. ಮೊದಲಿನವರು ಬಲ್ಲವರು, ತಾಳ್ಮೆಯವರು, ಅಕ್ಷರ ಮುದ್ದಾದವರು. ಎರಡನೆಯವರು ಓಟ ಕಿತ್ತವರು. ಮೌಲ್ಯಮಾಪಕರು ಅಂಕ ಕೊಡುವುದು ಇಬ್ಬರಿಗೂ ಸೇರಿಸಿ.

ಮೊದಲನೇ ಪತ್ರಿಕೆಯನ್ನೇ ತೆಗೆದುಕೊಳ್ಳೋಣ. ಪ್ರಾಚೀನ ಭಾರತ ‘ಎ’ ವಿಭಾಗದಲ್ಲಿ, ಮಧ್ಯಕಾಲೀನ ಭಾರತ ‘ಬಿ’ ವಿಭಾಗದಲ್ಲಿ. ಒಟ್ಟು ಎಂಟು ಪ್ರಶ್ನೆ, ಬರೆಯಬೇಕಾದದ್ದು ಐದು, ಪ್ರತಿಯೊಂದಕ್ಕೂ 50 ಅಂಕ. ಒಂದನೇ ಮತ್ತು ಐದನೇ ಪ್ರಶ್ನೆ ಕಡ್ಡಾಯ. ಉಳಿದ ಮೂರನ್ನು ನೀವೇ ಆರಿಸಬೇಕು, ಆದರೆ ಎರಡೂ ವಿಭಾಗಗಳಿಂದ ಕನಿಷ್ಠ ಒಂದೊಂದು ಇರಬೇಕು. ಒಂದನೆಯದು ನಕ್ಷೆಯ ಪ್ರಶ್ನೆ: ಗುರುತು ಹಾಕಿದ ಇಪ್ಪತ್ತು ಸ್ಥಳಗಳನ್ನು ಹೆಸರಿಸಿ, ಒಂದೊಂದರ ಬಗ್ಗೆ ಸುಮಾರು 30 ಪದಗಳ ಟಿಪ್ಪಣಿ ಬರೆಯುವುದು, ಒಂದಕ್ಕೆ ಎರಡೂವರೆ ಅಂಕ. ಐದನೆಯದರಲ್ಲಿ ಹತ್ತು ಅಂಕದ ಐದು ಕಿರು ಉತ್ತರಗಳು, ಒಂದೊಂದು ಸುಮಾರು 150 ಪದ. ಆಯ್ಕೆಯ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ 20, 15, 15 ಅಂಕಗಳ ಮೂರು ಭಾಗಗಳಿರುತ್ತವೆ. ಒಂದೇ ಪತ್ರಿಕೆಯಲ್ಲಿ ಮೂವತ್ತು ಪದದ ಟಿಪ್ಪಣಿಯೂ ಇದೆ, ಎರಡು ಮೂರು ಪುಟದ ವಾದವೂ ಇದೆ. ಸಮಯದ ತೊಡಕು ಶುರುವಾಗುವುದೇ ಇಲ್ಲಿ.

ಲೆಕ್ಕ ಎಲ್ಲರಿಗೂ ಗೊತ್ತು. 180 ನಿಮಿಷವನ್ನು 250 ಅಂಕಕ್ಕೆ ಹಂಚಿದರೆ ಅಂಕವೊಂದಕ್ಕೆ 43 ಸೆಕೆಂಡು. ಹತ್ತು ಅಂಕದ ಉತ್ತರಕ್ಕೆ ಏಳು ನಿಮಿಷದ ಮೇಲೆ ಸ್ವಲ್ಪ, ಹದಿನೈದರದ್ದಕ್ಕೆ ಹತ್ತೂಮುಕ್ಕಾಲು, ಇಪ್ಪತ್ತರದ್ದಕ್ಕೆ ಹದಿನಾಲ್ಕೂವರೆ, ನಕ್ಷೆಗೆ 36. ತರಬೇತಿ ಕೇಂದ್ರದ ಗೋಡೆಯ ಮೇಲೂ ಇದು ಬರೆದಿರುತ್ತದೆ. ಆದರೆ ಈ ಲೆಕ್ಕದಲ್ಲಿ ಪ್ರಶ್ನೆಪತ್ರಿಕೆ ಓದಲು ಒಂದು ನಿಮಿಷವೂ ಇಲ್ಲ. ಅಲ್ಲದೆ ಎಲ್ಲ ಅಂಕಗಳೂ ಒಂದೇ ಬೆಲೆಗೆ ಸಿಗುತ್ತವೆ ಎಂದು ಅದು ನಂಬಿದೆ. ಎರಡೂ ನಿಜವಲ್ಲ.

ಓದುವ ಸಮಯದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಕನ್ನಡದಲ್ಲಿ ಬರೆಯುವವರಿಗೆ ಅದು ಉಳಿದವರಿಗಿಂತ ಹೆಚ್ಚು ಬೇಕು. ಪ್ರಶ್ನೆಪತ್ರಿಕೆ ಅಚ್ಚಾಗಿರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ನೀವು ಅದನ್ನು ಇಂಗ್ಲಿಷಿನಲ್ಲಿ ಓದಿ, ಪ್ರಶ್ನೆ ನಿಜಕ್ಕೂ ಏನು ಕೇಳುತ್ತಿದೆ ಎಂಬುದನ್ನು ತಲೆಯಲ್ಲಿ ಕನ್ನಡಕ್ಕೆ ಇಳಿಸಿಕೊಂಡು, ಆಮೇಲೆ ಆರಿಸಬೇಕು. ವಿವರಿಸಿ ಎಂದಿದೆಯೋ, ವಿಮರ್ಶಾತ್ಮಕವಾಗಿ ಪರಿಶೀಲಿಸಿ ಎಂದಿದೆಯೋ, ಒಪ್ಪುತ್ತೀರಾ ಎಂದಿದೆಯೋ ನೋಡದೆ ಬರೆದ ಉತ್ತರಗಳನ್ನು ನಾನು ರಾಶಿ ರಾಶಿ ತಿದ್ದಿದ್ದೇನೆ. ಆರು ನಿಮಿಷ ಇದಕ್ಕೆಂದೇ ಎತ್ತಿಡಿ.

ಆ ಆರು ನಿಮಿಷದಲ್ಲಿ ಮಾಡಬೇಕಾದ ದೊಡ್ಡ ಕೆಲಸ ಆಯ್ಕೆ. ಎಡವುವುದು ಇಲ್ಲೇ: 20 ಅಂಕದ (ಎ) ಭಾಗ ಕಂಡ ಕೂಡಲೇ ‘ಇದು ನನಗೆ ಚೆನ್ನಾಗಿ ಬರುತ್ತದೆ’ ಎಂದು ಆ ಪ್ರಶ್ನೆಗೆ ಟಿಕ್ ಹಾಕಿಬಿಡುತ್ತೀರಿ. (ಬಿ) ಮತ್ತು (ಸಿ) ಸೇರಿದರೆ 30 ಅಂಕ ಎನ್ನುವುದು ಮರೆತುಹೋಗುತ್ತದೆ. ಪ್ರಶ್ನೆಯನ್ನು ಕೆಳಗಿನಿಂದ ಮೇಲಕ್ಕೆ ಓದಿ. ಮೊದಲು (ಸಿ), ಆಮೇಲೆ (ಬಿ), ಕೊನೆಗೆ (ಎ). ಮೂರರಲ್ಲಿ ನಿಮಗೆ ಅತಿ ದುರ್ಬಲವಾದ ಭಾಗಕ್ಕೆ ಕನಿಷ್ಠ ಮೂರು ಗಟ್ಟಿ ಅಂಶಗಳಾದರೂ ಇವೆಯೇ? ಇಲ್ಲವಾದರೆ ಆ (ಎ) ಎಷ್ಟೇ ಪ್ರಿಯವಾಗಿರಲಿ, ಪಕ್ಕದ ಪ್ರಶ್ನೆಯನ್ನೂ ಒಮ್ಮೆ ನೋಡಿ.

ಆಯ್ಕೆ ಮಾಡಿದ ಮೇಲೆ ಬದಲಿಸುವುದು ದುಬಾರಿ. ಪತ್ರಿಕೆಯ ಮೊದಲ ಪುಟದಲ್ಲೇ ಆಯೋಗ ಹೇಳುತ್ತದೆ: ಉತ್ತರಗಳನ್ನು ಬರೆದ ಅನುಕ್ರಮದಲ್ಲೇ ಎಣಿಸಲಾಗುವುದು, ಹೊಡೆದು ಹಾಕದಿದ್ದರೆ ಅರ್ಧ ಬರೆದದ್ದೂ ಒಂದು ಪ್ರಯತ್ನವೇ. ಅಂದರೆ ಎರಡನೇ ಪ್ರಶ್ನೆಯನ್ನು ಒಂದು ಪುಟ ಬರೆದು, ಮನಸ್ಸು ಬದಲಾಗಿ ನಾಲ್ಕನೆಯದಕ್ಕೆ ಹೋದರೆ, ಹಿಂದಿನದನ್ನು ಗೀಟು ಎಳೆದು ಹೊಡೆಯಲೇಬೇಕು. ಹೊಡೆಯದಿದ್ದರೆ ಕೊನೆಯಲ್ಲಿ ಬರೆದ ಒಳ್ಳೆಯ ಉತ್ತರವೇ ಎಣಿಕೆಯಿಂದ ಹೊರಗುಳಿಯಬಹುದು.

ಈಗ ನಕ್ಷೆ. ಹಂಚಿಕೆಯ ಪ್ರಕಾರ ಅದಕ್ಕೆ 36 ನಿಮಿಷ ಸಿಗಬೇಕು. ನಾನು 28 ಕೊಡುತ್ತೇನೆ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚಲ್ಲ. ಕಾರಣ ಸರಳ: ನಕ್ಷೆಯಲ್ಲಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಯೋಚಿಸಿದರೆ ಹೊಳೆಯುವ ಸ್ಥಳಗಳು ಒಂದೋ ಎರಡೋ.

ಪ್ರತಿ ಗುರುತಿಗೂ ಒಂದು ಸುಳಿವು ಕೊಟ್ಟಿರುತ್ತಾರೆ: ನವಶಿಲಾಯುಗದ ನೆಲೆ, ಬೌದ್ಧ ಕೇಂದ್ರ, ರಾಜಧಾನಿ, ಹೀಗೆ. ಮೊದಲ ನಾಲ್ಕು ನಿಮಿಷ ಏನೂ ಟಿಪ್ಪಣಿ ಬರೆಯದೆ, ಇಪ್ಪತ್ತೂ ಚುಕ್ಕೆಗಳನ್ನು ಸುಳಿವಿನೊಂದಿಗೆ ಹೊಂದಿಸಿ ನೋಡಿ. ಖಚಿತವಾದದ್ದಕ್ಕೆ ಹೆಸರು, ಅನುಮಾನವಿದ್ದದ್ದಕ್ಕೆ ಪ್ರಶ್ನಾರ್ಥಕ ಚಿಹ್ನೆ, ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಪೆನ್ಸಿಲಿನಿಂದ. ಹದಿನಾಲ್ಕು ಖಚಿತ, ಆರು ಅನುಮಾನ ಎಂದುಕೊಳ್ಳಿ. ಖಚಿತವಾದ ಒಂದೊಂದಕ್ಕೆ ಎಂಬತ್ತು ಸೆಕೆಂಡು ಕೊಟ್ಟರೆ ಹತ್ತೊಂಬತ್ತು ನಿಮಿಷದ ಒಳಗೆ ಮುಗಿಯುತ್ತದೆ. ಅನುಮಾನದ ಆರಕ್ಕೆ ತಲಾ ನಲವತ್ತು ಸೆಕೆಂಡು, ಒಟ್ಟು ನಾಲ್ಕು ನಿಮಿಷ. ಎಲ್ಲ ಸೇರಿ 27ರ ಒಳಗೆ.

ಎಂಬತ್ತು ಸೆಕೆಂಡಿನ ಟಿಪ್ಪಣಿ ಹೇಗಿರುತ್ತದೆ? ಚುಕ್ಕೆ ಭೀಮಾ ನದಿಯ ದಂಡೆಯಲ್ಲಿದೆ, ಸುಳಿವು ‘ಬೌದ್ಧ ನೆಲೆ’ ಎಂದಿದೆ. ಬರೆಯಬೇಕಾದದ್ದು ಇಷ್ಟು: ‘ಸನ್ನತಿ. ಕಲಬುರಗಿ ಜಿಲ್ಲೆ, ಭೀಮಾ ದಂಡೆ. ಅಶೋಕನ ಶಿಲಾಶಾಸನಗಳು ದೊರೆತಿವೆ. ಸಮೀಪದ ಕನಗನಹಳ್ಳಿಯಲ್ಲಿ ಶಾತವಾಹನ ಕಾಲದಲ್ಲಿ ಬೆಳೆದ ಸ್ತೂಪ ಮತ್ತು ಅಶೋಕನ ಹೆಸರು ಬರೆದಿರುವ ಉಬ್ಬುಶಿಲ್ಪವಿದೆ.’ ಸ್ಥಳ ಎಲ್ಲಿದೆ, ಏನು ಸಿಕ್ಕಿದೆ, ಅದೊಂದೇ ಸ್ಥಳಕ್ಕೆ ಸೇರಿದ ಗುರುತು ಯಾವುದು. ಮೂರೇ ಸಂಗತಿ. ಶಾಸನಗಳು ಚಂದ್ರಲಾಂಬಾ ದೇವಸ್ಥಾನದಲ್ಲಿ ಹೇಗೆ ಬೆಳಕಿಗೆ ಬಂದವು ಎಂಬ ಕಥೆ ರುಚಿಯಾದದ್ದೇ, ಆದರೆ ಎರಡೂವರೆ ಅಂಕದ ಟಿಪ್ಪಣಿಯಲ್ಲಿ ಅದಕ್ಕೆ ಜಾಗವಿಲ್ಲ. ನಮ್ಮ ಊರಿನ ಹತ್ತಿರದ ಸ್ಥಳ ಸಿಕ್ಕಾಗ ಪೆನ್ನು ನಿಲ್ಲುವುದಿಲ್ಲ. ಮಸ್ಕಿ, ಬ್ರಹ್ಮಗಿರಿ, ಐಹೊಳೆ ಬಂದರೆ ಕನ್ನಡದವರು ಅರ್ಧ ಪುಟ ಬರೆದಿರುತ್ತಾರೆ. ಎರಡೂವರೆಗಿಂತ ಹೆಚ್ಚು ಯಾರೂ ಕೊಡಲಾರರು.

ಅನುಮಾನದ ಚುಕ್ಕೆಗೆ ಇನ್ನೊಂದು ಬಗೆ. ರಾಯಚೂರು, ಬಳ್ಳಾರಿ ಆಸುಪಾಸಿನಲ್ಲಿ ಒಂದು ಗುರುತಿದೆ, ಸುಳಿವು ನವಶಿಲಾಯುಗ. ಸಂಗನಕಲ್ಲು ಇರಬಹುದು, ತೆಕ್ಕಲಕೋಟೆ ಇರಬಹುದು, ಪಿಕ್ಲಿಹಾಳ ಇರಬಹುದು. ಆ ಅಳತೆಯ ನಕ್ಷೆಯಲ್ಲಿ ಮೂರನ್ನೂ ಬೇರ್ಪಡಿಸುವುದು ಕಷ್ಟ. ಇಲ್ಲಿ ಐದು ನಿಮಿಷ ನಕ್ಷೆ ದಿಟ್ಟಿಸಿದರೂ ಹೊಸ ಮಾಹಿತಿ ಹುಟ್ಟುವುದಿಲ್ಲ. ಹೆಚ್ಚು ಸಾಧ್ಯವೆನಿಸಿದ ಹೆಸರು ಬರೆದು, ಆ ಪ್ರದೇಶದ ನವಶಿಲಾಯುಗಕ್ಕೆ ಹೊಂದುವ ಎರಡು ಸಾಲು, ಅಂದರೆ ಬಂಡೆಗಳ ನಡುವಿನ ವಸತಿ, ನಯಗೊಳಿಸಿದ ಕಲ್ಲಿನ ಕೊಡಲಿ, ದನ ಸಾಕಣೆ ಎಂದು ಬರೆದು ಮುಂದೆ ಹೋಗಿ. ಹೆಸರು ತಪ್ಪಿದ್ದರೆ ಟಿಪ್ಪಣಿಗೆ ಅಂಕ ನಿರೀಕ್ಷಿಸಬೇಡಿ. ಅದಕ್ಕೇ ನಲವತ್ತು ಸೆಕೆಂಡು ಸಾಕು.

ಹತ್ತು ಅಂಕದ ಕಿರು ಉತ್ತರಕ್ಕೆ ಏಳು ನಿಮಿಷ ಕೊಟ್ಟರೆ ಹಂಚಿಕೆಗೂ ಸರಿಹೊಂದುತ್ತದೆ, ನನ್ನ ಅನುಭವಕ್ಕೂ. ಅಭ್ಯಾಸದ ಪುಸ್ತಿಕೆಗಳಲ್ಲಿ ನಾನು ಕಾಣುವುದು ಇದು: ಪ್ರಶ್ನೆಗೆ ನೇರವಾಗಿ ಐದು ನಿಮಿಷದಲ್ಲಿ ಬರೆದ ಉತ್ತರಕ್ಕೆ ಮೂರೂವರೆಯಿಂದ ನಾಲ್ಕು ಕೊಡುತ್ತೇನೆ. ಏಳು ನಿಮಿಷದ್ದಕ್ಕೆ ನಾಲ್ಕೂವರೆ, ಐದು. ಹನ್ನೆರಡು ನಿಮಿಷದ್ದಕ್ಕೂ ಐದೇ. ಕೊನೆಯ ಐದು ನಿಮಿಷದಲ್ಲಿ ಬರೆದದ್ದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಆದರೆ ಮೊದಲು ಹೇಳಿದ್ದನ್ನೇ ಇನ್ನೊಂದು ಉದಾಹರಣೆಯಿಂದ ಹೇಳಿರುತ್ತದೆ. ಆ ಐದು ನಿಮಿಷ ಎಲ್ಲಿಂದ ಬಂತು ಎಂದು ಹುಡುಕಿದರೆ ಕೊನೆಗೆ ಬರೆಯಬೇಕಿದ್ದ ಪ್ರಶ್ನೆಯ ಖಾಲಿ ಪುಟದಲ್ಲಿ ಸಿಗುತ್ತದೆ.

ಒಂದು ಮಾದರಿ ಪ್ರಶ್ನೆ ನಾನೇ ಕಟ್ಟುತ್ತೇನೆ. ‘ಅಶೋಕನ ಧಮ್ಮ ಬೌದ್ಧ ಧರ್ಮವೇ, ಅಥವಾ ಆಳುವ ನೀತಿಯೇ?’ ಮುಕ್ಕಾಲು ನಿಮಿಷ ಪೆನ್ನು ಎತ್ತಬೇಡಿ. ನಾಲ್ಕು ಪುರಾವೆ ನೆನಪಿಗೆ ಬರಲಿ. ಮಸ್ಕಿಯಂಥ ಕಿರು ಶಿಲಾಶಾಸನದಲ್ಲಿ ಅವನು ತನ್ನನ್ನು ಬುದ್ಧನ ಉಪಾಸಕನೆಂದು ಹೇಳಿಕೊಳ್ಳುತ್ತಾನೆ. ಅದು ಅವನ ಸ್ವಂತ ನಂಬಿಕೆ. ಬ್ರಹ್ಮಗಿರಿಯ ಶಾಸನದ ಎರಡನೇ ಭಾಗ ಜನರಿಗೆ ಹೇಳುವುದು ಬೇರೆ: ತಂದೆ ತಾಯಿಗೆ, ಗುರುವಿಗೆ ವಿಧೇಯರಾಗಿರಿ, ಸತ್ಯ ನುಡಿಯಿರಿ. ಇದರಲ್ಲಿ ನಿರ್ವಾಣವೂ ಇಲ್ಲ, ಚತುರಾರ್ಯ ಸತ್ಯವೂ ಇಲ್ಲ. ಹನ್ನೆರಡನೇ ಶಿಲಾಶಾಸನ ಎಲ್ಲ ಪಂಥಗಳನ್ನೂ ಗೌರವಿಸಲು ಹೇಳುತ್ತದೆ, ಐದನೆಯದು ಧಮ್ಮ ಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ್ದನ್ನು ಹೇಳುತ್ತದೆ. ವೈಯಕ್ತಿಕ ನಂಬಿಕೆ ಒಂದು, ಸಾಮ್ರಾಜ್ಯಕ್ಕೆ ಹೇಳಿದ ನೀತಿ ಇನ್ನೊಂದು ಎಂದು ಈ ಪುರಾವೆಗಳೇ ತೋರಿಸುತ್ತವೆ. ಇದೇ ದಾರಿಯಲ್ಲಿ ರೊಮಿಲಾ ಥಾಪರ್ ವಾದಿಸಿದ್ದನ್ನು ಒಂದು ಸಾಲಿನಲ್ಲಿ ಹೇಳಿ, ತೀರ್ಮಾನ ಬರೆದು ನಿಲ್ಲಿಸಿ.

ಇದಕ್ಕೆ ಆರು ನಿಮಿಷ ಸಾಕು. ಬಿಡಬೇಕಾದದ್ದನ್ನೂ ಹೇಳಿಬಿಡುತ್ತೇನೆ: ಅಶೋಕ ಪಟ್ಟಕ್ಕೆ ಬಂದ ಬಗೆ, ಕಳಿಂಗ ಯುದ್ಧದ ವರ್ಣನೆ, 1837ರಲ್ಲಿ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ್ದು, ಶಾಸನಗಳು ಸಿಕ್ಕ ಊರುಗಳ ಪಟ್ಟಿ. ಪ್ರಶ್ನೆ ಇವಾವುದನ್ನೂ ಕೇಳಿಲ್ಲ. ನಿಮ್ಮಲ್ಲಿ ಬಹಳ ಮಂದಿ ಮೊದಲ ಮೂರು ನಿಮಿಷ ಕಳೆಯುವುದು ಇವುಗಳಲ್ಲೇ. ಏಕೆಂದರೆ ಇವು ಯೋಚಿಸದೆ ಬರುತ್ತವೆ, ಕೈಗೆ ಚಾಲನೆ ಕೊಡುತ್ತವೆ. ಕೈ ಓಡುತ್ತಿರುವಾಗ ಕೆಲಸ ನಡೆಯುತ್ತಿದೆ ಎನ್ನಿಸುತ್ತದೆ.

150 ಪದ ಎಂಬ ಮಿತಿಯ ಬಗ್ಗೆ ಒಂದು ಮಾತು. ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಕಾದ ಕಡೆ ಕನ್ನಡದಲ್ಲಿ ಪ್ರತ್ಯಯಗಳು ಸೇರಿ ಎರಡೇ ಪದವಾಗುವುದುಂಟು, ಆದರೆ ಪದ ಉದ್ದ, ಒತ್ತಕ್ಷರಗಳೂ ಹೆಚ್ಚು. ಇಂಗ್ಲಿಷಿನ 150 ಪದದ ಸರಕು ಕನ್ನಡದಲ್ಲಿ ನೂರು ನೂರಿಪ್ಪತ್ತು ಪದಕ್ಕೆ ಬಂದುಬಿಡುತ್ತದೆ. ಹಾಗಾಗಿ ಪಕ್ಕದ ಬೆಂಚಿನವರಂತೆ 150 ತುಂಬಿಸಲು ಹೋದರೆ ನಿಮ್ಮ ಕೈಗೆ ಅವರಿಗಿಂತ ಹೆಚ್ಚು ಕೆಲಸ. ವಿಷಯ ಮುಗಿದಿದ್ದರೆ ನೂರಿಪ್ಪತ್ತಕ್ಕೆ ನಿಲ್ಲಿಸಲು ಹೆದರಬೇಡಿ. ಪಾರಿಭಾಷಿಕ ಪದಕ್ಕೆ ಇಂಗ್ಲಿಷ್ ರೂಪವನ್ನು ಆವರಣದಲ್ಲಿ ಕೊಡಲು ಆಯೋಗ ಅನುಮತಿ ಕೊಟ್ಟಿದೆ. ಒಂದು ಪದಕ್ಕೆ ಒಮ್ಮೆ ಕೊಡಿ. ಪ್ರತಿ ಸಾಲಿನಲ್ಲೂ ಕೊಡುವವರು ಒಂದೇ ಉತ್ತರವನ್ನು ಎರಡು ಭಾಷೆಯಲ್ಲಿ ಬರೆಯುತ್ತಿರುತ್ತಾರೆ.

ದೀರ್ಘ ಉತ್ತರಕ್ಕೆ ಬರೋಣ. 50 ಅಂಕದ ಒಂದು ಪ್ರಶ್ನೆಗೆ 35 ನಿಮಿಷ: ಇಪ್ಪತ್ತರ ಭಾಗಕ್ಕೆ 14, ಹದಿನೈದರ ಎರಡು ಭಾಗಗಳಿಗೆ ತಲಾ ಹತ್ತೂವರೆ.

ಮಾದರಿಗೆ ಇನ್ನೊಂದು ಪ್ರಶ್ನೆ, 20 ಅಂಕದ್ದು: ‘ವಿಜಯನಗರವನ್ನು ಖಂಡಾತ್ಮಕ ರಾಜ್ಯವೆಂದು ಕರೆಯುವುದು ಎಷ್ಟು ಸರಿ?’ ನಮ್ಮವರಿಗೆ ಇದು ಅಪಾಯದ ಪ್ರಶ್ನೆ. ಹಂಪಿ ನಮ್ಮದು ಎಂಬ ಪ್ರೀತಿ ಇಲ್ಲಿ ದುಬಾರಿಯಾಗುತ್ತದೆ. 1336, ಹಕ್ಕ ಬುಕ್ಕರು, ವಿದ್ಯಾರಣ್ಯರು, ಸಂಗಮ ಸಾಳುವ ತುಳುವ ಅರವೀಡು ಎಂದು ಒಂದೂವರೆ ಪುಟ ತುಂಬಿರುತ್ತದೆ, ಖಂಡಾತ್ಮಕ ಎಂಬ ಮಾತು ಇನ್ನೂ ಬಂದಿರುವುದಿಲ್ಲ, ಗಡಿಯಾರ ಎಂಟು ನಿಮಿಷ ನುಂಗಿರುತ್ತದೆ.

ಹದಿನಾಲ್ಕು ನಿಮಿಷವನ್ನು ನಾನು ಹೀಗೆ ಕಳೆಯುತ್ತೇನೆ. ಮೊದಲ ಒಂದೂವರೆ ನಿಮಿಷ ಪುಸ್ತಿಕೆಯ ಕೊನೆಯ ಪುಟದಲ್ಲಿ ನಾಲ್ಕು ಪದ: ಸ್ಟೈನ್, ನಾಯಕರು, ಕೋಟೆ, 1565. ಬರೆದ ಮೇಲೆ ಆ ಪುಟ ಹೊಡೆದು ಹಾಕಿ. ಮುಂದಿನ ಒಂದೂವರೆ ನಿಮಿಷದಲ್ಲಿ ಪೀಠಿಕೆ, ಅದರಲ್ಲೇ ಉತ್ತರ: ಈ ಮಾದರಿ ಸಾಮ್ರಾಜ್ಯದ ಅಂಚುಗಳನ್ನು, ಕೊನೆಯ ಕಾಲವನ್ನು ಚೆನ್ನಾಗಿ ವಿವರಿಸುತ್ತದೆ, ಆದರೆ ಕೃಷ್ಣದೇವರಾಯನ ಕಾಲದ ಕೇಂದ್ರದ ಹಿಡಿತವನ್ನು ವಿವರಿಸುವುದಿಲ್ಲ. ತೀರ್ಮಾನ ಮೊದಲೇ ಬಂದರೆ, ಸಮಯ ಕೈಕೊಟ್ಟರೂ ಉತ್ತರ ಅರ್ಧಕ್ಕೆ ನಿಂತಂತೆ ಕಾಣುವುದಿಲ್ಲ.

ಆಮೇಲೆ ಮೂರು ನಿಮಿಷ ಸ್ಟೈನ್ ಪರವಾಗಿ. ಬರ್ಟನ್ ಸ್ಟೈನ್ ಈ ಮಾದರಿಯನ್ನು ಪೂರ್ವ ಆಫ್ರಿಕದ ಅಲುರ್ ಸಮಾಜದ ಬಗ್ಗೆ ಏಡನ್ ಸೌಥಾಲ್ ಮಾಡಿದ ಅಧ್ಯಯನದಿಂದ ಪಡೆದು 1980ರ ತಮ್ಮ ಗ್ರಂಥದಲ್ಲಿ ದಕ್ಷಿಣ ಭಾರತಕ್ಕೆ ಅನ್ವಯಿಸಿದರು. ರಾಜನ ಧಾರ್ಮಿಕ, ಸಾಂಕೇತಿಕ ಅಧಿಕಾರ ಎಲ್ಲೆಡೆ, ನಿಜವಾದ ರಾಜಕೀಯ ಹಿಡಿತ ಮಾತ್ರ ಕೇಂದ್ರ ಭಾಗದಲ್ಲಿ ಎಂಬುದು ಅದರ ತಿರುಳು. ಸ್ಥಳೀಯ ಮುಖಂಡರ ಬಲಕ್ಕೆ ಒಂದು ಉದಾಹರಣೆ ಕೊಟ್ಟು ಮುಗಿಸಿ.

ನಾಲ್ಕು ನಿಮಿಷ ಆಕ್ಷೇಪಗಳಿಗೆ. ಉತ್ತರದ ಬಲವಿರುವುದು ಇಲ್ಲಿ, ಆದ್ದರಿಂದ ಅತಿ ಹೆಚ್ಚು ಸಮಯವೂ ಇಲ್ಲೇ. ಪೋರ್ಚುಗೀಸ್ ವರ್ತಕ ನ್ಯೂನಿಜ್ ಬರೆದಂತೆ ನಾಯಕರು ಭೂಮಿಯನ್ನು ರಾಜನಿಂದ ಪಡೆದು, ವರ್ಷಕ್ಕೆ ಗೊತ್ತಾದ ಹಣ ಕಟ್ಟಿ, ಗೊತ್ತಾದ ಸೈನ್ಯ ಸಾಕಬೇಕಿತ್ತು. ಇದು ಬರೀ ಸಾಂಕೇತಿಕ ಸಂಬಂಧವಲ್ಲ. ತಮಿಳು ಪ್ರದೇಶದ ಶಾಸನಗಳನ್ನು ಜರಡಿ ಹಿಡಿದ ನೊಬೊರು ಕರಾಶಿಮಾ ನಾಯಕರನ್ನು ರಾಜನಿಗೆ ಅಧೀನರಾದ ಪ್ರಭುಗಳನ್ನಾಗಿ ಕಂಡರು. ಕೋಟೆಗಳನ್ನು ನಂಬಿಕಸ್ಥ ಬ್ರಾಹ್ಮಣರ ಕೈಗೆ ಕೊಡಬೇಕೆಂಬ ಸಲಹೆ ಕೃಷ್ಣದೇವರಾಯನ ‘ಆಮುಕ್ತಮಾಲ್ಯದ’ದಲ್ಲಿದೆ; ಸ್ಥಳೀಯ ಬಲವನ್ನು ತಡೆಯುವ ಯೋಚನೆ ಅದು. ಇನ್ನೆರಡೂವರೆ ನಿಮಿಷ ಕಾಲಭೇದಕ್ಕೆ: 1565ರ ತಾಳಿಕೋಟೆ ಯುದ್ಧದ ನಂತರ ಮಧುರೆ, ತಂಜಾವೂರು, ಇಕ್ಕೇರಿಯ ನಾಯಕರು ಕ್ರಮೇಣ ಸ್ವತಂತ್ರರಾದರು. ಆ ಹೊತ್ತಿಗೆ ಸ್ಟೈನ್ ಚಿತ್ರ ಹೆಚ್ಚು ಹೊಂದುತ್ತದೆ. ತೀರ್ಮಾನಕ್ಕೆ ಒಂದು ನಿಮಿಷ. ಒಟ್ಟು ಹದಿಮೂರೂವರೆ.

ಹದಿನೈದು ಅಂಕದ್ದಕ್ಕೆ ಬೇರೆ ಸೂತ್ರವೇನಿಲ್ಲ. ಒಂದು ಪುರಾವೆ ಕಡಿಮೆ ಮಾಡಿ, ಪೀಠಿಕೆ ಎರಡು ಸಾಲಿಗೆ ಇಳಿಸಿ. ಆಕ್ಷೇಪವನ್ನೂ ತೀರ್ಮಾನವನ್ನೂ ಬಿಡಬೇಡಿ.

ಎಲ್ಲ ಕೂಡಿಸಿ ಬೆಳಗಿನ ಒಂಬತ್ತಕ್ಕೆ ಶುರುವಾಗುವ ಪತ್ರಿಕೆಗೆ ಇಟ್ಟರೆ: ಓದು, ಆಯ್ಕೆ ಮುಗಿಯಬೇಕಾದ್ದು 9:06ಕ್ಕೆ. ನಕ್ಷೆ 9:34ಕ್ಕೆ. ಕಿರು ಉತ್ತರಗಳು 10:10ಕ್ಕೆ. ಮೂರು ದೊಡ್ಡ ಪ್ರಶ್ನೆಗಳು 10:45, 11:20, 11:55ಕ್ಕೆ. ಕೊನೆಯ ಐದು ನಿಮಿಷ ಪ್ರಶ್ನೆ ಸಂಖ್ಯೆ ಸರಿಯಿದೆಯೇ, ಖಾಲಿ ಪುಟಗಳನ್ನು ಹೊಡೆದಿದ್ದೀರೇ ಎಂದು ನೋಡಲು. ಪ್ರತಿ ಉತ್ತರಕ್ಕೂ ಕೈಗಡಿಯಾರ ನೋಡುವ ಅಗತ್ಯವಿಲ್ಲ, ಈ ಆರು ಗಡಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಮೂರು ನಿಮಿಷ ಹೆಚ್ಚು ಕಡಿಮೆಯಾದರೆ ಚಿಂತೆ ಬೇಡ. ಆರು ನಿಮಿಷ ದಾಟಿದರೆ ಆಗುತ್ತಿರುವ ಉತ್ತರವನ್ನು ಅಲ್ಲೇ ಒಂದು ವಾಕ್ಯದ ತೀರ್ಮಾನ ಬರೆದು ಮುಚ್ಚಿ.

ಇದು ನಿಜಕ್ಕೂ ಹೇಗೆ ತಪ್ಪುತ್ತದೆ ಎನ್ನುವುದಕ್ಕೆ ಇತ್ತೀಚೆಗೆ ಒಬ್ಬಳು ಅಭ್ಯರ್ಥಿ ತನ್ನ ಅಭ್ಯಾಸ ಪತ್ರಿಕೆಯ ಅಂಚಿನಲ್ಲಿ ಬರೆದಿಟ್ಟ ಸಮಯ ನೋಡಿ. ಓದಿದ್ದು 2 ನಿಮಿಷ. ನಕ್ಷೆ 44. ಐದನೇ ಪ್ರಶ್ನೆ 45. ಎರಡನೇ ಪ್ರಶ್ನೆ 46. ಆರನೆಯದು 31. ಏಳನೆಯದಕ್ಕೆ ಉಳಿದದ್ದು 12. ‘ಸರ್, ನನ್ನ ಕೈ ನಿಧಾನ, ಅದಕ್ಕೇ ಹೀಗಾಯ್ತು’ ಎಂದಳು. ಕೈ ನಿಧಾನವಾಗಿದ್ದರೆ ಎಲ್ಲ ಉತ್ತರಗಳೂ ಒಂದೇ ಪ್ರಮಾಣದಲ್ಲಿ ಉದ್ದವಾಗಬೇಕಿತ್ತು. ಇಲ್ಲಿ ನಕ್ಷೆ 16 ನಿಮಿಷ ಹೆಚ್ಚು ತಿಂದಿದೆ, ಕಿರು ಉತ್ತರಗಳು 9, ಎರಡನೇ ಪ್ರಶ್ನೆ 11. ಒಟ್ಟು 36 ನಿಮಿಷ, ಅಂದರೆ ಒಂದು ಇಡೀ ಪ್ರಶ್ನೆಯ ಸಮಯ. ಏಳನೇ ಪ್ರಶ್ನೆಯಲ್ಲಿ (ಎ) ಭಾಗ ಅವಸರದಲ್ಲಿ ಮುಗಿದಿತ್ತು, (ಬಿ) ನಾಲ್ಕು ಸಾಲು, (ಸಿ) ಇಲ್ಲವೇ ಇಲ್ಲ. ಆ (ಸಿ) ಅವಳಿಗೆ ಚೆನ್ನಾಗಿ ಗೊತ್ತಿದ್ದ ವಿಷಯ: ಅಲಾವುದ್ದೀನ್ ಖಿಲ್ಜಿಯ ಮಾರುಕಟ್ಟೆ ನಿಯಂತ್ರಣ.

ನಕ್ಷೆಯ ಪುಟಗಳನ್ನು ತೆಗೆದು ನೋಡಿದರೆ ಐದು ಟಿಪ್ಪಣಿಗಳು ಅರ್ಧ ಪುಟದವು, ಎರಡು ಕಡೆ ಹೆಸರು ಬರೆದು ಹೊಡೆದು ಮತ್ತೆ ಬರೆದಿದ್ದಳು. ಎರಡನೇ ಪ್ರಶ್ನೆಯನ್ನು ಅವಳು ಆರಿಸಿದ್ದು (ಎ) ಭಾಗಕ್ಕಾಗಿ, ಅದೊಂದಕ್ಕೇ 24 ನಿಮಿಷ ಹೋಗಿತ್ತು. ಬಹಳ ಒಳ್ಳೆಯ ಉತ್ತರ. ನಾನು ಕೊಟ್ಟದ್ದು 20ಕ್ಕೆ 12. ಹದಿನಾಲ್ಕು ನಿಮಿಷಕ್ಕೆ ನಿಲ್ಲಿಸಿದ್ದರೆ ಹತ್ತೂವರೆಯೋ ಹನ್ನೊಂದೋ ಕೊಡುತ್ತಿದ್ದೆ. ಹೆಚ್ಚಿನ ಹತ್ತು ನಿಮಿಷ ತಂದದ್ದು ಒಂದು, ಒಂದೂವರೆ ಅಂಕ. ಅದೇ ಹತ್ತು ನಿಮಿಷದಲ್ಲಿ ಖಿಲ್ಜಿಯ ಮೇಲೆ ಸಾಧಾರಣ ಉತ್ತರ ಬರೆದಿದ್ದರೂ 15ಕ್ಕೆ ಆರು ಅಂಕ ಖಂಡಿತ ಇತ್ತು.

ನಿಮ್ಮ ಅಭ್ಯಾಸದಲ್ಲೂ ಇದನ್ನೇ ಮಾಡಿ. ಪ್ರತಿ ಉತ್ತರ ಶುರುವಾದಾಗ ಮತ್ತು ಮುಗಿದಾಗ ಅಂಚಿನಲ್ಲಿ ಸಮಯ ಬರೆಯಿರಿ. ಆಮೇಲೆ ಉದ್ದವಾದ ಉತ್ತರವನ್ನು ಓದಿ, ಪ್ರಶ್ನೆಗೆ ಸಂಬಂಧಿಸಿದ ಮೊದಲ ವಾಕ್ಯದ ಕೆಳಗೆ ಗೀಟು ಎಳೆಯಿರಿ. ಅದು ಮೊದಲ ಪ್ಯಾರಾದಲ್ಲಿ ಬರದಿದ್ದರೆ ನಿಮ್ಮ ನಷ್ಟ ಪೀಠಿಕೆಯಲ್ಲಿದೆ. ಬಂದಿದ್ದೂ ಉತ್ತರ ಉದ್ದವಾಗಿದ್ದರೆ, ಒಂದೇ ಅಂಶವನ್ನು ಎರಡು ಸಲ ಹೇಳಿದ್ದೀರಿ. ಎರಡೂ ಅಲ್ಲದೆ ಎಲ್ಲ ಉತ್ತರಗಳೂ ಒಂದೇ ಸಮನೆ ನಿಧಾನವಾಗಿದ್ದರೆ ಮಾತ್ರ ಕೈಯ ವೇಗದ ಬಗ್ಗೆ ಯೋಚಿಸಿ.

ಎರಡನೇ ಪತ್ರಿಕೆಯಲ್ಲಿ, ಅಂದರೆ ಆಧುನಿಕ ಭಾರತ ಮತ್ತು ವಿಶ್ವ ಇತಿಹಾಸದಲ್ಲಿ, ನಕ್ಷೆ ಇಲ್ಲ. ಒಂದನೇ ಮತ್ತು ಐದನೇ ಪ್ರಶ್ನೆ ಎರಡರಲ್ಲೂ ಹತ್ತು ಅಂಕದ ಐದೈದು ಕಿರು ಉತ್ತರಗಳು. ನಕ್ಷೆಯಿಂದ ಉಳಿಸಿದ ಎಂಟು ನಿಮಿಷ ಇಲ್ಲಿ ಸಿಗುವುದಿಲ್ಲ. ಹತ್ತು ಕಿರು ಉತ್ತರಕ್ಕೆ 70, ಮೂರು ದೊಡ್ಡವಕ್ಕೆ 105 ಎಂದರೆ ಓದಿಗೂ ಕೊನೆಗೂ ಸೇರಿ ಉಳಿಯುವುದು ಐದೇ ನಿಮಿಷ. ಬೆಳಿಗ್ಗೆ ಮೂರು ಗಂಟೆ ಬರೆದ ಕೈ ಮಧ್ಯಾಹ್ನ ಮತ್ತೆ ಬರೆಯಬೇಕು. ಹಾಗಾಗಿ ಆ ಪತ್ರಿಕೆಯಲ್ಲಿ ಕಿರು ಉತ್ತರಗಳನ್ನು ಆರೂವರೆ ನಿಮಿಷಕ್ಕೆ ಇಳಿಸಿ, ಉಳಿಯುವ ಐದು ನಿಮಿಷವನ್ನು ಆಯ್ಕೆಗೆ ಕೊಡಿ.

ಇಷ್ಟೆಲ್ಲ ಆದರೂ ಗಡಿ ತಪ್ಪುವುದು ಉಂಟು. 11:30 ಆಗಿದೆ, ಆರನೇ ಪ್ರಶ್ನೆಯ (ಸಿ) ಬಾಕಿ, ಏಳನೆಯದು ಪೂರ್ತಿ ಬಾಕಿ ಎಂದುಕೊಳ್ಳಿ. 65 ಅಂಕ, 30 ನಿಮಿಷ. ಇಲ್ಲಿ ಬಹಳ ಮಂದಿ ಇನ್ನಷ್ಟು ವೇಗವಾಗಿ, ಆದರೆ ಅದೇ ಉದ್ದದ ಉತ್ತರ ಬರೆಯಲು ಹೋಗಿ ಎರಡು ಭಾಗ ಮಾತ್ರ ಮುಗಿಸುತ್ತಾರೆ. ಹಂಚಿಕೆ ಬದಲಿಸಿ: ಹದಿನೈದರ ಮೂರಕ್ಕೆ ತಲಾ ಏಳು, ಇಪ್ಪತ್ತರದ್ದಕ್ಕೆ ಒಂಬತ್ತು. ಅಂದರೆ ಹದಿನೈದು ಅಂಕದ ಉತ್ತರವನ್ನು ಹತ್ತು ಅಂಕದ ಕಿರು ಉತ್ತರದಂತೆಯೇ ಬರೆಯುವುದು. ಪೀಠಿಕೆ ಬೇಡ. ಮೊದಲ ವಾಕ್ಯವೇ ಉತ್ತರವಾಗಲಿ, ಆಮೇಲೆ ಮೂರು ಪುರಾವೆ, ಒಂದು ಆಕ್ಷೇಪ. ಖಿಲ್ಜಿಯ ಪ್ರಶ್ನೆಯಾದರೆ: ಬೆಲೆ ನಿಯಂತ್ರಣದ ಗುರಿ ಕಡಿಮೆ ಸಂಬಳದಲ್ಲಿ ದೊಡ್ಡ ಸೈನ್ಯ ಸಾಕುವುದು ಎಂದು ಬರನಿ ಹೇಳುತ್ತಾನೆ, ಧಾನ್ಯದ ಬೆಲೆ ನಿಗದಿ, ಸರ್ಕಾರಿ ಕಣಜ, ಮಾರುಕಟ್ಟೆಯ ಮೇಲೆ ಶಹನಾ ಎಂಬ ಅಧಿಕಾರಿ, ಅವನ ಸಾವಿನ ನಂತರ ವ್ಯವಸ್ಥೆ ಉಳಿಯಲಿಲ್ಲ. ವಾಕ್ಯಗಳು ಪೂರ್ತಿಯಾಗಿರಲಿ, ಬರೀ ಪದಗಳ ಪಟ್ಟಿ ಬೇಡ. ಪಟ್ಟಿಯಲ್ಲಿ ವಾದ ಕಾಣುವುದಿಲ್ಲ. ಏಳು ನಿಮಿಷಕ್ಕೆ ಇಷ್ಟು ಹಿಡಿಯುತ್ತದೆ. ಎಂಟನೇ ನಿಮಿಷ ಮುಂದಿನ ಭಾಗದ್ದು.

ಇತಿ,
ನಿಮ್ಮ ಪುಸ್ತಿಕೆಗಳನ್ನು ತಿದ್ದುವ ಇತಿಹಾಸದ ಮೇಷ್ಟ್ರು